ಫೋಟೋದಲ್ಲೇ ಡೂಪ್ಲಿಕೇಟ್ ಮಾಂಟ್‌ಬ್ಲಾಂಕ್ ಹಿಡಿಯುವುದು ಹೇಗೆ: ನಿಬ್, ಕ್ಲಿಪ್, ಕ್ಯಾಪ್, ಬ್ಯಾರೆಲ್

ಮೊದಲೇ ಒಂದು ಮಾತು. ಫೋಟೋ ನೋಡಿ "ಇದು ಡೂಪ್ಲಿಕೇಟ್" ಅಂತ ಗಟ್ಟಿಯಾಗಿ ಹೇಳಬಹುದು. "ಇದು ಒರಿಜಿನಲ್" ಅಂತ ಅಷ್ಟೇ ಗಟ್ಟಿಯಾಗಿ ಹೇಳೋಕೆ ಆಗಲ್ಲ. ಫೋಟೋ ಪರೀಕ್ಷೆಯ ಕೆಲಸ ಜರಡಿ ಹಿಡಿಯುವುದು ಮಾತ್ರ. ಪಾಸಾದ ಪೆನ್ನನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೆಯೇ ದುಡ್ಡು ಕೊಡಬೇಕು.

ನಮ್ಮ ಬಳ್ಳಾರಿ, ರಾಯಚೂರು, ಗಂಗಾವತಿ ಕಡೆ ಮಾಂಟ್‌ಬ್ಲಾಂಕ್‌ನಂಥ ದುಬಾರಿ ಜರ್ಮನ್ ಪೆನ್ನುಗಳು ಬರುವ ದಾರಿ ಗೊತ್ತೇ ಇದೆ. ಡಾಕ್ಟರಿಗೋ, ವಕೀಲರಿಗೋ, ರೈಸ್ ಮಿಲ್ ಮಾಲೀಕರಿಗೋ ಯಾರೋ ಗಿಫ್ಟ್ ಕೊಟ್ಟಿರುತ್ತಾರೆ. ಅದು ಬೀರುವಿನಲ್ಲಿ ಕೂತಿರುತ್ತದೆ. ಆಮೇಲೊಂದು ದಿನ ಮನೆಯ ಹುಡುಗರು ಅದರ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕುತ್ತಾರೆ. ಗಿಫ್ಟ್ ಕೊಟ್ಟವರಿಗೂ, ತಗೊಂಡವರಿಗೂ, ಮಾರುವವರಿಗೂ ಅದು ಖರೇನೋ ಅಲ್ವೋ ಗೊತ್ತಿರಲ್ಲ. ಹಾಗಾಗಿ ಮಾರುವವನು ಸುಳ್ಳು ಹೇಳುತ್ತಿದ್ದಾನೆ ಅಂದುಕೊಳ್ಳುವ ಮೊದಲು ಪೆನ್ನನ್ನೇ ಕೇಳಿ ನೋಡೋಣ.

ಎಲ್ಲ ಕಂಪನಿಯ ಪೆನ್ನುಗಳ ಬಗ್ಗೆ ಇಲ್ಲಿ ಬರೆಯಲ್ಲ. ಒಂದೇ ಪೆನ್ನು ತಗೊಳ್ಳುತ್ತೇನೆ: ಮಾಂಟ್‌ಬ್ಲಾಂಕ್ ಮೈಸ್ಟರ್‌ಸ್ಟುಕ್ 149. 1952ರಲ್ಲಿ ಬಂದ ಮಾಡೆಲ್, ಈಗಲೂ ತಯಾರಾಗುತ್ತಿದೆ. ಕಪ್ಪು ದೇಹ, ಬಂಗಾರದ ಬಣ್ಣದ ಕ್ಲಿಪ್, ತಲೆಯ ಮೇಲೆ ಬಿಳಿ ನಕ್ಷತ್ರ. ನಮ್ಮ ಕಡೆ ಕೈ ಬದಲಾಗುವ ದುಬಾರಿ ಇಂಕ್ ಪೆನ್ನುಗಳಲ್ಲಿ ನಾನು ಜಾಸ್ತಿ ನೋಡುವುದು ಇದನ್ನೇ, ಅಥವಾ ಇದು ಅಂತ ಹೇಳಿಕೊಂಡು ಬರುವ ಬೇರೆ ಏನನ್ನೋ.

ಜೊತೆಗೆ ಒಂದು ಉದಾಹರಣೆಯನ್ನೂ ಕೊನೆತನಕ ತಗೊಂಡು ಹೋಗುತ್ತೇನೆ. ಸಿರುಗುಪ್ಪದಲ್ಲಿ ಕಾಲೇಜು ಮೇಷ್ಟ್ರು ಆಗಿರುವ ಗೆಳೆಯರೊಬ್ಬರು ಈಚೆಗೆ ರಾಯಚೂರಿನ ಒಂದು ಪೆನ್ನಿನ ನಾಲ್ಕು ಫೋಟೋ ಕಳಿಸಿದರು. "ಮಾಂಟ್‌ಬ್ಲಾಂಕ್ 149, ಮಾವ ದುಬೈಯಿಂದ ತಂದದ್ದು, ಬಾಕ್ಸ್ ಸಮೇತ, 18,000" ಅಂತ ಬರೆದಿತ್ತು. "ನೋಡ್ರಿ ಸರ, ತಗೊಳ್ಳಬಹುದಾ?" ಅಂತ ಕೇಳಿದರು. ಹೊಸ 149ರ ಬೆಲೆಗೆ ಹೋಲಿಸಿದರೆ ಆ ರೇಟು ತುಂಬಾ ಕಡಿಮೆ. ಆದರೆ ರೇಟು ಕಡಿಮೆ ಅನ್ನೋದೊಂದೇ ಸಾಕ್ಷಿ ಅಲ್ಲ. ತಿಳಿಯದವರು ಒರಿಜಿನಲ್ ಪೆನ್ನನ್ನೂ ಅಗ್ಗಕ್ಕೆ ಮಾರುತ್ತಾರೆ.

ಶುರು ಮಾಡುವ ಮುಂಚೆ: ಯಾವ ಮಾಡೆಲ್ ಅಂತ ತಿಳಿದುಕೊಳ್ಳಿ

ನೋಡೋಕೆ ಒಂದೇ ಥರ ಇರುವ ಮೂರು ಅಣ್ಣತಮ್ಮಂದಿರು ಇದ್ದಾರೆ. 149 ದೊಡ್ಡಣ್ಣ: ದಪ್ಪ, ದೊಡ್ಡ ನಿಬ್, ಕ್ಯಾಪ್ ಹಾಕಿದಾಗ ಸುಮಾರು 149 ಮಿಲಿಮೀಟರ್ ಉದ್ದ. 146 ಅದಕ್ಕಿಂತ ಸ್ವಲ್ಪ ಸಣ್ಣದು. 145 ಇನ್ನೂ ತೆಳ್ಳಗೆ, ಉದ್ದ ಸುಮಾರು 138 ಮಿಲಿಮೀಟರ್.

ಉದ್ದಕ್ಕಿಂತ ಮುಖ್ಯವಾದ ವ್ಯತ್ಯಾಸ ಮಸಿ ತುಂಬುವ ರೀತಿಯಲ್ಲಿದೆ. 149 ಮತ್ತು 146 ಪಿಸ್ಟನ್ ಪೆನ್ನುಗಳು. ಹಿಂದಿನ ತುದಿಯ ಗುಂಡಿಯನ್ನು ತಿರುಗಿಸಿದರೆ ಒಳಗಿನ ಪಿಸ್ಟನ್ ಮೇಲೆ ಕೆಳಗೆ ಹೋಗುತ್ತದೆ, ಮಸಿ ನೇರವಾಗಿ ಪೆನ್ನಿನ ಮೈಗೇ, ಅಂದರೆ ಬ್ಯಾರೆಲ್ಲಿಗೇ ತುಂಬುತ್ತದೆ. ಬರೆಯುವಾಗ ಹಿಡಿಯುವ ಭಾಗಕ್ಕೂ ಬ್ಯಾರೆಲ್ಲಿಗೂ ಮಧ್ಯೆ ಬಿಚ್ಚುವ ತಿರುಪು ಇರಲ್ಲ. 145ರಲ್ಲಿ ಬ್ಯಾರೆಲ್ ತಿರುಗಿಸಿ ಬಿಚ್ಚಬಹುದು, ಒಳಗೆ ಮಸಿ ತುಂಬಿಯೇ ಬರುವ ಸಣ್ಣ ಕೊಳವೆ ಕಾರ್ಟ್ರಿಡ್ಜ್, ಅಥವಾ ಬಾಟಲಿಯಿಂದ ಮಸಿ ಎಳೆದುಕೊಳ್ಳುವ ಬಿಡಿ ಕೊಳವೆ ಕನ್ವರ್ಟರ್ ಕೂರುತ್ತದೆ.

ಅಂದರೆ ಯಾರಾದರೂ "149" ಅಂತ ಹೇಳಿ, ಬ್ಯಾರೆಲ್ ಬಿಚ್ಚಿ ಕನ್ವರ್ಟರ್ ತೋರಿಸಿದರೆ ಅಲ್ಲಿಗೇ ಮುಗಿಯಿತು. ಅದು ಹೆಸರು ತಪ್ಪಾಗಿ ಹೇಳಿದ 145 ಇರಬಹುದು, ಅಥವಾ ನಕಲಿ ಇರಬಹುದು. 149 ಅಂತೂ ಅಲ್ಲ. ಡೂಪ್ಲಿಕೇಟ್ ಮಾಡುವವರು ಪಿಸ್ಟನ್ ಮಾಡುವ ಖರ್ಚಿಗೆ ಹೋಗುವುದು ಕಡಿಮೆ, ಅಗ್ಗದ ಕನ್ವರ್ಟರ್ ಹಾಕಿ ಮುಗಿಸುತ್ತಾರೆ. ಹಾಗಂತ ಪಿಸ್ಟನ್ ಇದ್ದ ಮಾತ್ರಕ್ಕೆ ಖರೇ ಅಂತಲೂ ಅಲ್ಲ. ಈಗ ಪಿಸ್ಟನ್ ಇರುವ ನಕಲಿಗಳೂ ಬಂದಿವೆ.

ಹಂತ 1: ಬಂದ ಫೋಟೋ ಬಿಡಿ, ಬೇಕಾದ ಫೋಟೋ ಕೇಳಿ

ಮಾರುವವರು ಕಳಿಸುವ ಫೋಟೋದಲ್ಲಿ ಯಾವಾಗಲೂ ನಕ್ಷತ್ರ ಕಾಣುತ್ತದೆ, ಬಾಕ್ಸ್ ಕಾಣುತ್ತದೆ, ಹಿಂದೆ ಕೆಂಪು ವೆಲ್ವೆಟ್ ಬಟ್ಟೆ ಕಾಣುತ್ತದೆ. ನಮಗೆ ಬೇಕಾದದ್ದು ಒಂದೂ ಕಾಣಲ್ಲ. ಬಾಕ್ಸ್ ಮತ್ತು ಕಾರ್ಡ್ ನಕಲು ಮಾಡೋದು ಪೆನ್ನಿಗಿಂತ ಸುಲಭ, ಅದನ್ನು ಲೆಕ್ಕಕ್ಕೇ ಇಡಬೇಡಿ.

ನಾನು ಕೇಳುವುದು ಇಷ್ಟು: ನಿಬ್‌ನ ನೇರ ಮೇಲಿನ ನೋಟ, ನಿಬ್‌ನ ಪಕ್ಕದ ನೋಟ, ಕ್ಲಿಪ್ಪಿನ ಬುಡದ ಉಂಗುರದ ಸುತ್ತಲಿನ ಮೂರು ನಾಲ್ಕು ಫೋಟೋ, ಕ್ಯಾಪಿನ ಅಗಲ ಪಟ್ಟಿಯ ಸುತ್ತಲಿನ ಫೋಟೋ, ಗುಂಡಿ ತಿರುಗಿಸಿ ಹೊರಗೆ ಬಂದಾಗಿನ ಫೋಟೋ, ಮತ್ತೆ ಕ್ಯಾಪ್ ಹಾಕಿದ ಪೆನ್ನನ್ನು 10 ರೂಪಾಯಿ ನಾಣ್ಯದ ಪಕ್ಕ ಮಲಗಿಸಿ ತೆಗೆದ ಒಂದು ಫೋಟೋ. ನಾಣ್ಯ ಯಾಕೆ ಅಂತ ಮುಂದೆ ಹೇಳುತ್ತೇನೆ. ಪೆನ್ನನ್ನು ಆ ದಿನದ ಪೇಪರಿನ ಮೊದಲ ಪುಟದ ಮೇಲಿಟ್ಟು ಒಂದು ತೆಗೆಯೋಕೆ ಹೇಳಿ, ಬೇರೆಲ್ಲಿಂದಲೋ ಕದ್ದ ಫೋಟೋ ಆಗಿದ್ದರೆ ಅದು ಬರೋದೇ ಇಲ್ಲ.

ಬೆಳಕಿನ ಬಗ್ಗೆ ಒಂದು ಮಾತು. ನಮ್ಮೂರ ಮಧ್ಯಾಹ್ನದ ಬಿಸಿಲಲ್ಲಿ ತೆಗೆದರೆ ಬಂಗಾರದ ಪಟ್ಟಿ ಬೆಳ್ಳಗೆ ಹೊಳೆದು ಅಕ್ಷರ ಮಾಯ ಆಗುತ್ತದೆ. ಬೆಳಗ್ಗೆ ಕಿಟಕಿ ಪಕ್ಕ, ನೆರಳಿನ ಬೆಳಕಲ್ಲಿ, ಕೆಳಗೆ ಬಿಳಿ ಹಾಳೆ ಹಾಸಿ ತೆಗೆಯಬೇಕು. ಕೆತ್ತನೆ ಕಾಣಬೇಕಾದರೆ ಬೆಳಕು ಪಕ್ಕದಿಂದ ಓರೆಯಾಗಿ ಬೀಳಬೇಕು. ಫೋನನ್ನು ಪೆನ್ನಿನ ಮೂಗಿಗೆ ಹಿಡಿಯಬಾರದು, ಒಂದು ಗೇಣು ದೂರ ಇಟ್ಟು 2 ಪಟ್ಟು ಜೂಮ್ ಮಾಡಿದರೆ ಫೋಕಸ್ ಸರಿಯಾಗಿ ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ವಾಟ್ಸಾಪ್‌ನಲ್ಲಿ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸೋಕೆ ಹೇಳಿ. ಸಾಮಾನ್ಯವಾಗಿ ಕಳಿಸಿದರೆ ವಾಟ್ಸಾಪ್ ಫೋಟೋವನ್ನು ಕುಗ್ಗಿಸುತ್ತದೆ, ಸಣ್ಣ ಅಕ್ಷರದ ಅಂಚೆಲ್ಲ ಕರಗಿ ಹೋಗುತ್ತದೆ. ರಾಯಚೂರಿನ ಪೆನ್ನಿನ ಮೊದಲ ಫೋಟೋಗಳಲ್ಲಿ ಪಟ್ಟಿಯ ಮೇಲಿನ ಒಂದು ಅಕ್ಷರದ ಮೇಲೆ ಚುಕ್ಕೆಗಳೇ ಕಾಣಲಿಲ್ಲ. ಮೇಷ್ಟ್ರು ಆಗಲೇ "ಡೂಪ್ಲಿಕೇಟ್ ಸರ, ಬಿಡ್ರಿ" ಅಂದುಬಿಟ್ಟಿದ್ದರು. ಡಾಕ್ಯುಮೆಂಟ್ ಆಗಿ ತರಿಸಿ ನೋಡಿದರೆ ಚುಕ್ಕೆಗಳು ಸರಿಯಾಗೇ ಇದ್ದವು. ಕೆಟ್ಟ ಫೋಟೋ ನೋಡಿ ಪೆನ್ನನ್ನು ತಳ್ಳಿಹಾಕಿದರೆ ಅದೂ ಅನ್ಯಾಯವೇ.

ಹಂತ 2: ನಿಬ್ ಮೇಲೆ ಏನು ಬರೆದಿದೆ

ಬಂಗಾರದ ಅಂಗಡಿಯಲ್ಲಿ 916 ಅಂತ ನೋಡುತ್ತೀವಲ್ಲ, ಅದೇ ಲೆಕ್ಕ ಇಲ್ಲೂ ಇದೆ. 916 ಅಂದರೆ 22 ಕ್ಯಾರಟ್, ಸಾವಿರ ಭಾಗದಲ್ಲಿ 916 ಭಾಗ ಬಂಗಾರ. ಹಾಗೇ 750 ಅಂದರೆ 18 ಕ್ಯಾರಟ್, 585 ಅಂದರೆ 14 ಕ್ಯಾರಟ್. ನಿಬ್ ಮೇಲೆ 18K ಇದ್ದರೆ ಜೊತೆಗೆ 750 ಇರಬೇಕು, 14K ಇದ್ದರೆ 585 ಇರಬೇಕು. 14K ಮತ್ತು 750 ಒಟ್ಟಿಗೆ ಇದ್ದರೆ ಅದು ತಲೆಬುಡ ಇಲ್ಲದ ನಕಲಿ, ಮುಂದೆ ನೋಡೋದೇ ಬೇಡ. IRIDIUM POINT GERMANY ಅಂತ ಇದ್ದರೂ ಅಷ್ಟೇ. ಅದು ಅಗ್ಗದ ಸ್ಟೀಲ್ ನಿಬ್ ಮೇಲೆ ಹಾಕುವ ಮುದ್ರೆ, ಮಾಂಟ್‌ಬ್ಲಾಂಕ್ ನಿಬ್ ಮೇಲೆ ಬರಲ್ಲ.

ಕ್ಯಾರಟ್ ಜೊತೆಗೆ MONTBLANC ಅನ್ನುವ ಹೆಸರು ಮತ್ತು 4810 ಅನ್ನುವ ಸಂಖ್ಯೆ ಇರುತ್ತದೆ. 4810 ಅಂದರೆ ಮಾಂಟ್ ಬ್ಲಾಂಕ್ ಪರ್ವತದ ಎತ್ತರ, ಮೀಟರ್ ಲೆಕ್ಕದಲ್ಲಿ. ಎಷ್ಟೋ ಜನ ಇದನ್ನು ಸೀರಿಯಲ್ ನಂಬರ್ ಅಂದುಕೊಂಡು "ಸರ್, ನಂಬರ್ ಕೂಡ ಇದೆ, ಚೆಕ್ ಮಾಡ್ಕೊಳ್ಳಿ" ಅಂತ ಹೇಳುತ್ತಾರೆ. ಪ್ರತಿ ಪೆನ್ನಿನ ಮೇಲೂ ಅದೇ 4810 ಇರುತ್ತದೆ. ನಕಲಿಯ ಮೇಲೂ ಇರುತ್ತದೆ.

ಈಗ ಬರುವ 149ರಲ್ಲಿ ನಿಬ್ 18K, 750. ಈಗಿನ 146 ಮತ್ತು 145ರಲ್ಲಿ 14K, 585. ಇಲ್ಲಿ ಸ್ವಲ್ಪ ತಾಳ್ಮೆ ಬೇಕು. 1980ರ ದಶಕದ 149ರಲ್ಲಿ 14K ನಿಬ್ ಇದ್ದದ್ದುಂಟು, ಅದಕ್ಕೂ ಹಿಂದಿನವುಗಳಲ್ಲಿ K ಬದಲು C ಅಕ್ಷರ ಇರುತ್ತಿತ್ತು. ಫ್ರಾನ್ಸ್‌ಗೆ ಹೋದ ಸಣ್ಣ ಮಾಡೆಲ್‌ಗಳಲ್ಲಿ 18K ಬರುತ್ತಿತ್ತು. ಹಾಗಾಗಿ ಕ್ಯಾರಟ್ ಮತ್ತು ಮಾಡೆಲ್ ಹೊಂದಲಿಲ್ಲ ಅಂದ ತಕ್ಷಣ ತೀರ್ಪು ಕೊಡಬೇಡಿ. ಬರೆದಿಟ್ಟುಕೊಳ್ಳಿ, ಕ್ಲಿಪ್ ನೋಡಿದ ಮೇಲೆ ಅದಕ್ಕೆ ಅರ್ಥ ಬರುತ್ತದೆ.

ಬರಹ ಏನಿದೆ ಅನ್ನೋದಕ್ಕಿಂತ ಅದು ಹೇಗೆ ಕೂತಿದೆ ಅನ್ನೋದು ದೊಡ್ಡ ಸಾಕ್ಷಿ. ಈಗ ಲೇಸರ್ ಅಗ್ಗ, ಯಾವ ಅಕ್ಷರ ಬೇಕಾದರೂ ಯಾವ ಲೋಹದ ಮೇಲೆ ಬೇಕಾದರೂ ಬರೆಯಬಹುದು. ಆದರೆ 149ರ ನಿಬ್ ಎರಡು ಬಣ್ಣದ್ದು, ಬಂಗಾರದ ಮೇಲೆ ಬೆಳ್ಳಿ ಬಣ್ಣದ ಲೇಪ. ಆ ಲೇಪದ ಅಂಚು ಕೆತ್ತಿದ ಗೆರೆಯ ಜೊತೆಗೇ ಹೋಗಬೇಕು, ಗೆರೆ ಎಲ್ಲಿ ತಿರುಗುತ್ತದೋ ಬಣ್ಣವೂ ಅಲ್ಲೇ ತಿರುಗಬೇಕು. ನಕಲಿಯಲ್ಲಿ ಬೆಳ್ಳಿ ಬಣ್ಣ ಗೆರೆ ದಾಟಿ ಹರಿದಿರುತ್ತದೆ, ಅಥವಾ ಗೆರೆ ಮುಟ್ಟದೆ ಒಳಗೇ ನಿಂತಿರುತ್ತದೆ. ಫೋಟೋ ಹಿಗ್ಗಿಸಿ ಈ ಅಂಚನ್ನೇ ಪೂರ್ತಿ ಸುತ್ತಿ ನೋಡಿ. (ಬೆಳ್ಳಿ ಬಣ್ಣದ ಕ್ಲಿಪ್ ಇರುವ ಪ್ಲಾಟಿನಂ ಮಾದರಿಯಲ್ಲಿ ನಿಬ್ ಪೂರ್ತಿ ಬೆಳ್ಳಗೇ ಇರಬಹುದು, ಅಲ್ಲಿ ಈ ಪರೀಕ್ಷೆ ನಡೆಯಲ್ಲ.)

ಆಮೇಲೆ ಸೀಳು. ನಿಬ್ ನಡುವಿನ ಸಣ್ಣ ಉಸಿರು ತೂತಿನಿಂದ ತುದಿವರೆಗೆ ಸೀಳು ನೇರವಾಗಿ, ಕೆತ್ತನೆಯ ಸರಿ ಮಧ್ಯದಲ್ಲಿ ಹೋಗಬೇಕು. ಎಡಕ್ಕೆ ಜಾಸ್ತಿ ವಿನ್ಯಾಸ ಉಳಿದು ಬಲಕ್ಕೆ ಕಡಿಮೆ ಆಗಿದ್ದರೆ ಕೆಲಸ ಅಗ್ಗದ್ದು. ಪಕ್ಕದ ನೋಟದಲ್ಲಿ ತುದಿಯ ಗಟ್ಟಿ ಲೋಹದ ಉಂಡೆ ಬಂಗಾರದ ಜೊತೆ ನುಣ್ಣಗೆ ಸೇರಿರಬೇಕು. ಸ್ಟೀಲ್ ನಿಬ್‌ನ ತುದಿಯನ್ನು ಹಾಗೇ ಕೆಳಗೆ ಮಡಚಿಬಿಟ್ಟಿದ್ದರೆ ಪಕ್ಕದಿಂದ ಕೊಕ್ಕೆಯಂತೆ ಕಾಣುತ್ತದೆ.

ನಮ್ಮ ರಾಯಚೂರಿನ ಪೆನ್ನಿನ ನಿಬ್ ಮೇಲೆ 4810, MONTBLANC, 18K, 750 ಎಲ್ಲ ಇತ್ತು. ಓದೋಕೆ ಸರಿ. ಆದರೆ ಎಡ ಹೆಗಲ ಹತ್ತಿರ ಬೆಳ್ಳಿ ಬಣ್ಣ ಗೆರೆ ದಾಟಿ ಹೊರಗೆ ಬಂದಿತ್ತು. ಒಂದು ಅನುಮಾನ ಬರೆದಿಟ್ಟುಕೊಂಡೆ.

ಹಂತ 3: ಕ್ಲಿಪ್ ಮತ್ತು ಅದರ ಬುಡದ ಉಂಗುರ

ಕ್ಲಿಪ್ಪಿನ ಆಕಾರ ಮೇಲೆ ಸಣ್ಣಗೆ ಶುರುವಾಗಿ ಕೆಳಗೆ ಬರುತ್ತಾ ನಿಧಾನಕ್ಕೆ ಅಗಲವಾಗಿ, ತುದಿಯಲ್ಲಿ ಹನಿಯ ಹಾಗೆ ದುಂಡಗೆ ಮುಗಿಯುತ್ತದೆ. ಫೋಟೋದಲ್ಲಿ ಅದರ ಮೇಲೆ ಬಿದ್ದ ಬೆಳಕಿನ ಗೆರೆಯನ್ನು ನೋಡಿ. ಒರಿಜಿನಲ್‌ನಲ್ಲಿ ಆ ಗೆರೆ ಮೇಲಿಂದ ಕೆಳಗೆ ಮುರಿಯದೆ ಹರಿಯುತ್ತದೆ. ತಗಡು ಒತ್ತಿ ಮಾಡಿದ ಕ್ಲಿಪ್ಪಿನಲ್ಲಿ ಅಂಚು ಚೂಪಾಗಿರುತ್ತದೆ, ಬೆಳಕು ಮಧ್ಯೆ ತುಂಡಾಗುತ್ತದೆ, ಹಿಂದಿನಿಂದ ನೋಡಿದರೆ ಟೊಳ್ಳು ಅಥವಾ ಜೋಡಣೆಯ ಗೆರೆ ಕಾಣುತ್ತದೆ. ಹಾಗಾಗಿ ಕ್ಲಿಪ್ಪಿನ ಪಕ್ಕದ ನೋಟವನ್ನೂ ಕೇಳಿ.

ಕ್ಲಿಪ್ ಕ್ಯಾಪಿಗೆ ಸೇರುವ ಕಡೆ ಒಂದು ಉಂಗುರ ಇದೆ. ಓದಬೇಕಾದ ವಿಷಯ ಇರುವುದು ಅಲ್ಲಿ. 1990ರಲ್ಲಿ ಎರಡು ಜರ್ಮನಿ ಒಂದಾಗುವ ಮುಂಚಿನ ಪೆನ್ನುಗಳಲ್ಲಿ ಪಶ್ಚಿಮ ಜರ್ಮನಿ ಅನ್ನೋಕೆ GERMANY ಪದಕ್ಕೂ ಮೊದಲು W ಅಕ್ಷರ ಇರುವುದುಂಟು. ಆಮೇಲಿನವುಗಳಲ್ಲಿ GERMANY ಮಾತ್ರ, ಇನ್ನೂ ಹೊಸದರಲ್ಲಿ MADE IN GERMANY. 1990ರ ದಶಕದ ಶುರುವಿನಿಂದ ಇದೇ ಉಂಗುರದ ಮೇಲೆ ಸೀರಿಯಲ್ ನಂಬರ್ ಬರತೊಡಗಿತು, ಮೊದಲು ಎರಡು ಅಕ್ಷರ, ಆಮೇಲೆ ಅಂಕಿಗಳು. ಅದಕ್ಕೂ ಹಳೆಯ ಪೆನ್ನಿಗೆ ಸೀರಿಯಲ್ ಇಲ್ಲದಿದ್ದರೆ ಗಾಬರಿ ಬೇಡ. ಈಚಿನ ಪೆನ್ನುಗಳ ಕ್ಲಿಪ್ಪಿನ ಒಳಮೈಯಲ್ಲಿ Pix ಅಂತ ಸಣ್ಣ ಬರಹವೂ ಇರುತ್ತದೆ, ಅದು ಫೋಟೋದಲ್ಲಿ ಸಿಗೋದು ಕಷ್ಟ, ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದರೆ ಸಿಗಬಹುದು.

ಈಗ ನಿಬ್‌ನಿಂದ ಬರೆದಿಟ್ಟ ಪ್ರಶ್ನೆಯನ್ನು ತನ್ನಿ. W ಇರುವ ಉಂಗುರ, ಸೀರಿಯಲ್ ಇಲ್ಲ, 14K ನಿಬ್ ಇರುವ 149: ಎಲ್ಲವೂ ಒಂದೇ ಕಾಲದ ಮಾತು ಆಡುತ್ತಿವೆ, ಒಳ್ಳೆಯದು. W ಇರುವ ಉಂಗುರದ ಜೊತೆ ಸೀರಿಯಲ್ ನಂಬರ್ರೂ ಇದೆ, Pix ಕೂಡ ಇದೆ ಅಂದರೆ ಯಾವುದೋ ಒಂದು ಸುಳ್ಳು. ಹೊಸ ಕ್ಲಿಪ್ ಇದ್ದು 149ರ ನಿಬ್ ಮೇಲೆ 14K ಇದ್ದರೆ ಯಾರೋ ನಿಬ್ ಬದಲಿಸಿರಬಹುದು. ಎರಡು ಮೂರು ಒರಿಜಿನಲ್ ಪೆನ್ನುಗಳ ಭಾಗ ಕೂಡಿಸಿದ ಪೆನ್ನುಗಳೂ ಮಾರುಕಟ್ಟೆಯಲ್ಲಿವೆ. ಅವು ಪೂರ್ತಿ ನಕಲಿ ಅಲ್ಲ, ಆದರೆ ಪೂರ್ತಿ ಬೆಲೆಗೂ ಅರ್ಹ ಅಲ್ಲ.

ಸೀರಿಯಲ್ ಸಿಕ್ಕ ಮೇಲೆ ಅದನ್ನು ಗೂಗಲ್‌ನಲ್ಲಿ ಹಾಕಿ ನೋಡಿ. ನಕಲಿ ಮಾಡುವವರು ಒಂದೇ ಅಚ್ಚು, ಒಂದೇ ಪ್ರೋಗ್ರಾಂ ಇಟ್ಟುಕೊಂಡು ಸಾಲು ಸಾಲು ಪೆನ್ನಿಗೆ ಅದೇ ನಂಬರ್ ಹೊಡೆಯುತ್ತಾರೆ. ಬೇರೆ ಊರಿನ, ಬೇರೆ ಮಾಡೆಲ್‌ನ, ಬೇರೆ ಬಣ್ಣದ ಪೆನ್ನಿನ ಮೇಲೆ ಅದೇ ನಂಬರ್ ಸಿಕ್ಕರೆ ಮುಗಿಯಿತು. ಸಿಗದಿದ್ದರೆ ಏನೂ ಸಾಬೀತಾಗಲ್ಲ. ಅದೇ ಫೋಟೋ ಬೇರೆ ಕಡೆ ಇದೆಯಾ ಅಂತ ಗೂಗಲ್ ಲೆನ್ಸ್‌ನಲ್ಲೂ ಒಮ್ಮೆ ನೋಡಿ. (ನೀವು ಮಾರುವವರಾದರೆ ಸಾರ್ವಜನಿಕವಾಗಿ ಹಾಕುವ ಫೋಟೋದಲ್ಲಿ ಕೊನೆಯ ಎರಡು ಮೂರು ಅಂಕಿ ಮುಚ್ಚಿ, ಇಲ್ಲದಿದ್ದರೆ ನಿಮ್ಮ ನಂಬರ್ರೇ ನಾಳೆ ಯಾವುದೋ ಡೂಪ್ಲಿಕೇಟ್ ಮೇಲೆ ಕಾಣಬಹುದು.)

ರಾಯಚೂರಿನ ಪೆನ್ನಿನ ಉಂಗುರದಲ್ಲಿ GERMANY ಇತ್ತು, ಸೀರಿಯಲ್ ಇತ್ತು. ಹುಡುಕಿದರೆ ಅದೇ ನಂಬರ್ ಇನ್ನೊಂದು ದೇಶದ ಮಾರಾಟದ ಜಾಹೀರಾತಿನಲ್ಲಿ, ಒಂದು ಬಾಲ್ ಪೆನ್ ಮೇಲೆ ಸಿಕ್ಕಿತು. ಎರಡರಲ್ಲಿ ಒಂದಾದರೂ ನಕಲಿ ಇರಲೇಬೇಕು ಅಲ್ವಾ? ಯಾವುದು ಅನ್ನೋದು ಇದೊಂದರಿಂದಲೇ ಗೊತ್ತಾಗಲ್ಲ, ಅದಕ್ಕೇ ಮುಂದೆ ಹೋದೆವು.

ಹಂತ 4: ಕ್ಯಾಪಿನ ಪಟ್ಟಿ, ತಲೆಯ ನಕ್ಷತ್ರ

ಕ್ಯಾಪಿನ ಕೆಳಗೆ ಮೂರು ಪಟ್ಟಿ ಇರುತ್ತದೆ. ನಡುವಿನದು ಅಗಲ, ಅದರ ಮೇಲೆ ಸುತ್ತಲೂ MONTBLANC ಮತ್ತು MEISTERSTÜCK ಅಂತ ಕೆತ್ತಿರುತ್ತದೆ. U ಮೇಲಿನ ಎರಡು ಚುಕ್ಕೆ ಇರಲೇಬೇಕು. ಅಗ್ಗದ ನಕಲಿಗಳು ಇಲ್ಲೇ ಬೀಳುತ್ತವೆ, ಒಂದೋ ಚುಕ್ಕೆ ಇರಲ್ಲ, ಇಲ್ಲವೋ ಚುಕ್ಕೆ ಸೇರಿ ಅಡ್ಡ ಗೀಟಾಗಿರುತ್ತದೆ, ಕೆಲವು ಸಲ ಸ್ಪೆಲಿಂಗೇ ತಪ್ಪಿರುತ್ತದೆ. ಮೊದಲೇ ಹೇಳಿದ ಹಾಗೆ ಇದನ್ನು ಸ್ಪಷ್ಟ ಫೋಟೋದಲ್ಲಿ ಮಾತ್ರ ನೋಡಿ.

ಅಕ್ಷರದ ತಳ ನೋಡಿ. ಕೆತ್ತಿದ ಅಕ್ಷರಕ್ಕೆ ಆಳ ಇರುತ್ತದೆ, ಓರೆ ಬೆಳಕಲ್ಲಿ ಒಂದು ಗೋಡೆ ಹೊಳೆದು ಎದುರಿನ ಗೋಡೆ ಕಪ್ಪಾಗುತ್ತದೆ. ಬರೀ ಮೇಲ್ಮೈ ಸುಟ್ಟು ಬರೆದ ಅಕ್ಷರ ಯಾವ ಕಡೆಯಿಂದ ನೋಡಿದರೂ ಒಂದೇ ಬೂದು ಬಣ್ಣ. ಹೀಗಾಗಿ ಒಂದೇ ಅಕ್ಷರವನ್ನು ಎರಡು ಕೋನದಿಂದ ತೆಗೆದ ಫೋಟೋ ಬೇಕು. ಜೊತೆಗೆ ಪಟ್ಟಿಗಳು ಕಪ್ಪು ಮೈಗೆ ಸಮನಾಗಿ ಕೂತಿರಬೇಕು. ನಡುವೆ ಸಂದಿ, ಅಂಟಿನ ಹನಿ, ಪಟ್ಟಿ ತಿರುಗುವ ಸೂಚನೆ ಇದ್ದರೆ ಒಳ್ಳೆಯದಲ್ಲ.

ನಕ್ಷತ್ರದ ಬಗ್ಗೆ ಜನ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. ಆರು ದುಂಡು ಮೂಲೆ, ಹಿಮ ಮುಚ್ಚಿದ ಶಿಖರದ ಗುರುತು, ಮೂಲೆ ಚೂಪಾಗಿದ್ದರೆ ನಕಲಿ. ಅಷ್ಟು ಸಾಕು. ಈಗಿನ ನಕಲಿಗಳಲ್ಲಿ ನಕ್ಷತ್ರವೇ ಚೆನ್ನಾಗಿರುವ ಭಾಗ, ಅದನ್ನೇ ಜನ ನೋಡುತ್ತಾರೆ ಅಂತ ಅವರಿಗೂ ಗೊತ್ತು.

ಹಂತ 5: ಬ್ಯಾರೆಲ್ ಮತ್ತು ಅದರ ಹೊಳಪು

149ರ ಮೈ ಕಪ್ಪು ರೆಸಿನ್, ಅಂದರೆ ಒಂದು ಥರದ ಗಟ್ಟಿ ಪ್ಲಾಸ್ಟಿಕ್. ಚೆನ್ನಾಗಿ ಪಾಲಿಶ್ ಮಾಡಿದ ಮೈ ಆದ್ದರಿಂದ ಅಚ್ಚಿನ ಜೋಡಣೆ ಗೆರೆ ಎಲ್ಲೂ ಇರಬಾರದು. ಇದನ್ನು ಫೋಟೋದಲ್ಲಿ ನೋಡೋಕೆ ಸುಲಭ ದಾರಿ ಟ್ಯೂಬ್ ಲೈಟ್. ಪೆನ್ನನ್ನು ಟ್ಯೂಬ್‌ಗೆ ಸಮಾನಾಂತರವಾಗಿ ಹಿಡಿದರೆ ಅದರ ಪ್ರತಿಬಿಂಬ ಬ್ಯಾರೆಲ್ ಮೇಲೆ ಒಂದು ಬಿಳಿ ಗೆರೆಯಾಗಿ ಬೀಳುತ್ತದೆ. ಆ ಗೆರೆ ನೇರವಾಗಿ, ಅಂಚು ಚೂಪಾಗಿ ಇರಬೇಕು. ನಡುವೆ ನಡುಗಿದರೆ, ಅಲೆಯಾದರೆ, ಪೆನ್ನು ಸ್ವಲ್ಪ ಹೊರಳಿಸಿದಾಗ ಗೆರೆಯ ಪಕ್ಕ ಇನ್ನೊಂದು ಸಣ್ಣ ಗೆರೆ ಮೂಡಿದರೆ ಅಗ್ಗದ ಅಚ್ಚಿನ ಕೆಲಸ.

ಗೀರುಗಳಿಗೆ ಹೆದರಬೇಡಿ. ನಮ್ಮ ಕಡೆಯ ಧೂಳಿನಲ್ಲಿ ಜೇಬಿನಲ್ಲಿಟ್ಟು ತಿರುಗಾಡಿದ ಪೆನ್ನಿಗೆ ಸಣ್ಣ ಗೀರು ಬರದೆ ಇರಲ್ಲ. ನೋಡಬೇಕಾದದ್ದು ಸವೆತ ಹೊಂದುತ್ತದೆಯೋ ಇಲ್ಲವೋ ಅನ್ನೋದು. ಬ್ಯಾರೆಲ್ ಹೊಸದರ ಹಾಗೆ ಫಳಫಳ ಅಂತಿದ್ದು, ಕ್ಲಿಪ್ಪಿನ ಬಂಗಾರದ ಲೇಪ ಮಾತ್ರ ಎದ್ದು ಒಳಗಿನ ಹಿತ್ತಾಳೆ ಕಾಣುತ್ತಿದ್ದರೆ ಲೇಪ ತೆಳುವಾಗಿದೆ ಅಂತ ಅರ್ಥ.

ನಿಬ್ ಹತ್ತಿರ, ಬ್ಯಾರೆಲ್ಲಿನ ಶುರುವಿನಲ್ಲಿ, ಮಸಿ ಎಷ್ಟಿದೆ ಅಂತ ನೋಡುವ ಕಿಟಕಿ ಇರುತ್ತದೆ, ಈಗಿನವುಗಳಲ್ಲಿ ಉದ್ದುದ್ದ ಪಟ್ಟೆಯದ್ದು. ಕ್ಯಾಪ್ ತೆಗೆದು ಪೆನ್ನನ್ನು ಕಿಟಕಿಯ ಬೆಳಕಿಗೆ ಎದುರಾಗಿ ಹಿಡಿದರೆ ಅದರ ಮೂಲಕ ಬೆಳಕು ಬರಬೇಕು. ನಕಲಿಯಲ್ಲಿ ಕೆಲವೊಮ್ಮೆ ಪಟ್ಟೆ ಬರೀ ಬಣ್ಣ, ಹಿಂದೆ ಲೋಹ.

ಇನ್ನೊಂದು ಪರೀಕ್ಷೆ ಕತ್ತಲೆ ಕೋಣೆಯಲ್ಲಿ. ಕ್ಯಾಪಿನ ಬಾಯಿಯನ್ನು ಮೊಬೈಲ್ ಟಾರ್ಚ್ ಮೇಲೆ ಒತ್ತಿ ಹಿಡಿದರೆ ಒರಿಜಿನಲ್ ರೆಸಿನ್ ಅನೇಕ ಸಲ ದಾಳಿಂಬೆ ಕೆಂಪಿನಲ್ಲಿ ಮಂದವಾಗಿ ಬೆಳಗುತ್ತದೆ. ಕೆಂಪು ಕಂಡರೆ ಒಂದು ಒಳ್ಳೆ ಗುರುತು. ಕಾಣದಿದ್ದರೆ ತೀರ್ಪು ಅಲ್ಲ, ಎಲ್ಲ ಕಾಲದ ವಸ್ತುವೂ ಹಾಗೆ ಬೆಳಗಲ್ಲ, 1950ರ ದಶಕದ ಪೆನ್ನುಗಳ ಮೈಯೇ ಬೇರೆ. ಆದರೆ ಕ್ಯಾಪಿನ ಒಳಗೆ ಹಿತ್ತಾಳೆ ಟ್ಯೂಬ್ ಕಂಡರೆ ಅಲ್ಲಿಗೆ ನಿಲ್ಲಿಸಿ.

ಹಂತ 6: ನಾಣ್ಯದ ಲೆಕ್ಕ

10 ರೂಪಾಯಿ ನಾಣ್ಯದ ಅಡ್ಡಳತೆ 27 ಮಿಲಿಮೀಟರ್. ಫೋಟೋದಲ್ಲಿ ನಾಣ್ಯ ಎಷ್ಟು ಪಿಕ್ಸೆಲ್, ಪೆನ್ನು ಎಷ್ಟು ಪಿಕ್ಸೆಲ್ ಅಂತ ಅಳೆದು ಭಾಗಿಸಿದರೆ ಪೆನ್ನಿನ ಉದ್ದ ಸಿಗುತ್ತದೆ. 149 ಆದರೆ ನಾಣ್ಯದ ಸುಮಾರು ಐದೂವರೆ ಪಟ್ಟು ಬರಬೇಕು. 145 ಆದರೆ ಐದು ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಇಲ್ಲೊಂದು ಮೋಸ ಇದೆ. ನಾಣ್ಯ ಮೇಜಿಗೆ ಅಂಟಿಕೊಂಡಿರುತ್ತದೆ, ಪೆನ್ನಿನ ನಡು ಅದಕ್ಕಿಂತ ಸುಮಾರು 7 ಮಿಲಿಮೀಟರ್ ಮೇಲೆ, ಅಂದರೆ ಕ್ಯಾಮೆರಾಗೆ ಹತ್ತಿರ ಇರುತ್ತದೆ. ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆ. ಫೋನ್ 20 ಸೆಂಟಿಮೀಟರ್ ಮೇಲಿದ್ದರೆ ಪೆನ್ನು ಸುಮಾರು 5 ಮಿಲಿಮೀಟರ್ ಉದ್ದ ಕಾಣಬಹುದು, 145ಕ್ಕೂ 149ಕ್ಕೂ ಇರುವ ವ್ಯತ್ಯಾಸದ ಅರ್ಧ ಅಲ್ಲೇ ಹೋಯಿತು. ಎರಡು ಅಡಿ ಎತ್ತರದಿಂದ, ನೇರ ಮೇಲಿನಿಂದ, ಜೂಮ್ ಮಾಡಿ ತೆಗೆದರೆ ತಪ್ಪು 2 ಮಿಲಿಮೀಟರ್ ಒಳಗೆ ಬರುತ್ತದೆ.

ರಾಯಚೂರಿನವರು ಹಾಗೇ ತೆಗೆದು ಕಳಿಸಿದರು, ಅವರಿಗೆ ಥ್ಯಾಂಕ್ಸ್ ಹೇಳಬೇಕು. ನಾಣ್ಯ 180 ಪಿಕ್ಸೆಲ್, ಪೆನ್ನು 920 ಪಿಕ್ಸೆಲ್. ಭಾಗಿಸಿ 27ರಿಂದ ಗುಣಿಸಿದರೆ 138 ಮಿಲಿಮೀಟರ್. ಗುಂಡಿಯ ಫೋಟೋ ಕೇಳಿದ್ದಕ್ಕೆ "ಅದು ತಿರುಗಲ್ಲ ಅಣ್ಣ, ಇಲ್ಲಿ ಬಿಚ್ಚುತ್ತೆ ನೋಡಿ" ಅಂತ ಬ್ಯಾರೆಲ್ ಬಿಚ್ಚಿ ಕನ್ವರ್ಟರ್ ತೋರಿಸಿದರು. ಹಾಗಾಗಿ 149 ಅಲ್ಲ ಅನ್ನೋದು ಇತ್ಯರ್ಥ ಆಯಿತು.

ಮೇಷ್ಟ್ರು ಸುಮ್ನೆ ಬಿಡಲಿಲ್ಲ. "145 ಖರೇ ಇರಬಹುದಲ್ಲ ಸರ? ಹೆಸರು ಗೊತ್ತಿಲ್ಲದೆ ತಪ್ಪು ಹಾಕಿರಬಹುದು" ಅಂದರು. ಪ್ರಶ್ನೆ ಸರಿಯಾದದ್ದೇ. ಆಗ ಬರೆದಿಟ್ಟ ಅನುಮಾನಗಳನ್ನು ಒಟ್ಟಿಗೆ ಇಟ್ಟು ನೋಡಿದೆವು. 145ಕ್ಕೆ 18K ನಿಬ್ ಅಪರೂಪ, ಆದರೆ ಅಸಾಧ್ಯ ಅಲ್ಲ. ನಿಬ್‌ನ ಬೆಳ್ಳಿ ಬಣ್ಣ ಗೆರೆ ದಾಟಿದ್ದು ಒರಿಜಿನಲ್‌ಗೆ ಹೊಂದಲ್ಲ. ಸೀರಿಯಲ್ ಬೇರೆ ಬಾಲ್ ಪೆನ್ ಮೇಲೂ ಇದೆ. ಕ್ಲಿಪ್ಪಿನ ಪಕ್ಕದ ಫೋಟೋ ಹಿಗ್ಗಿಸಿದರೆ ಹನಿಯ ತುದಿಯಲ್ಲಿ ಸಣ್ಣ ಜೋಡಣೆ ಗೆರೆ ಇತ್ತು. ಟ್ಯೂಬ್ ಲೈಟ್ ಫೋಟೋದಲ್ಲಿ ಬ್ಯಾರೆಲ್ ಮೇಲಿನ ಬಿಳಿ ಗೆರೆ ಹಿಂದಿನ ತುದಿಯ ಹತ್ತಿರ ಅಲೆಯಾಗಿತ್ತು. ಪಟ್ಟಿಯ ಚುಕ್ಕೆ, ನಕ್ಷತ್ರ ಎರಡೂ ಸರಿ ಇದ್ದವು, ಆದರೆ ಅವು ನಕಲು ಮಾಡೋಕೆ ಸುಲಭದ ಭಾಗಗಳು. ಒಂದೊಂದೇ ಅನುಮಾನಕ್ಕೆ ನೆಪ ಹುಡುಕಬಹುದು. ನಿಬ್, ಉಂಗುರ, ಕ್ಲಿಪ್, ಬ್ಯಾರೆಲ್ ನಾಲ್ಕೂ ಕಡೆ ನೆಪ ಬೇಕಾದರೆ ಅದು ನಕಲಿಯೇ.

ಇಷ್ಟು ಹೇಳಿದ ಮೇಲೆ ರೇಟು 18,000ದಿಂದ 6,000ಕ್ಕೆ ಇಳಿಯಿತು. ಮೇಷ್ಟ್ರು ತಗೊಳ್ಳಲಿಲ್ಲ. ಮಾರುವವರು ಬೇಜಾರು ಮಾಡಿಕೊಂಡರು, ಪಾಪ, ಅವರ ಮಾವ ನಿಜವಾಗಿ ದುಬೈಯಿಂದಲೇ ತಂದಿರಬಹುದು.

ಫೋಟೋದಲ್ಲಿ ಪಾಸಾದರೆ

ಎಲ್ಲ ಹಂತ ದಾಟಿದ ಪೆನ್ನು ಸಿಕ್ಕರೆ ಅರ್ಧ ದುಡ್ಡೂ ಮುಂಗಡ ಕಳಿಸಬೇಡಿ. ಎದುರು ಸಿಕ್ಕಿ. ಒಂದು ಸಣ್ಣ ಬಾಟಲಿಯಲ್ಲಿ ನೀರು ತಗೊಂಡು ಹೋಗಿ, ಗುಂಡಿ ತಿರುಗಿಸಿ ನೀರು ಎಳೆದುಕೊಳ್ಳುತ್ತದೆಯಾ, ವಾಪಸ್ ಬಿಡುತ್ತದೆಯಾ ನೋಡಿ. ಪಿಸ್ಟನ್ ಕೆಟ್ಟಿದ್ದರೆ ಒರಿಜಿನಲ್ ಆದರೂ ರಿಪೇರಿ ಖರ್ಚು ನಿಮ್ಮದೇ.

ಆಮೇಲೆ ಗುರುತಿನ ಬಂಗಾರದ ಅಂಗಡಿಗೆ ಹೋಗಿ ತೂಕ ಹಾಕಿಸಿ. ಖಾಲಿ 149 ಕ್ಯಾಪ್ ಸಮೇತ ಸುಮಾರು 30 ಗ್ರಾಂ ಆಸುಪಾಸು ಇರುತ್ತದೆ, ಒಳಗೆ ಹಿತ್ತಾಳೆ ಟ್ಯೂಬ್ ಇರುವ ನಕಲಿ ಅದಕ್ಕಿಂತ ಜಾಸ್ತಿ ತೂಗುತ್ತದೆ. ಕ್ಯಾರಟ್ ನೋಡುವ ಮಷೀನ್ ಇದ್ದರೆ ನಿಬ್ಬನ್ನೂ ಇಡೋಕೆ ಕೇಳಿ. ಬೆಳ್ಳಿ ಬಣ್ಣದ ಭಾಗದ ಮೇಲೆ ಅಲ್ಲ, ಹಳದಿ ಭಾಗದ ಮೇಲೆ ಇಡಬೇಕು. ಬರೆಯುವ ತುದಿಯ ಮೇಲೂ ಬೇಡ, ಅದು ಬಂಗಾರ ಅಲ್ಲ, ಬೇರೆ ಗಟ್ಟಿ ಲೋಹ. ಮಷೀನ್ ಮೇಲ್ಮೈಯನ್ನೇ ಜಾಸ್ತಿ ಓದುವುದರಿಂದ ಲೇಪ ದಪ್ಪ ಇದ್ದರೆ ಮೋಸ ಹೋಗಬಹುದು, ಆದರೆ ತೆಳು ಲೇಪದ ಸ್ಟೀಲ್ ನಿಬ್ ಆಗಿದ್ದರೆ ಪರದೆ ಮೇಲೆ ಕಬ್ಬಿಣದ ಪಾಲು ಬಂದುಬಿಡುತ್ತದೆ. ಒರೆಗಲ್ಲಿಗೆ ಉಜ್ಜೋಕೆ ಮಾತ್ರ ಬಿಡಬೇಡಿ, ಪೆನ್ನು ಖರೇ ಆಗಿದ್ದರೆ ನಿಬ್ ಹಾಳಾಗುತ್ತದೆ.